ಸುಣ್ಣದ ಮಾತು ಎಲ್ಲಿ ಬರಬೇಕು

ಒಪ್ಪಿಕೊಂಡಿದ್ದಾರೆ! ನನ್ನ ಮೊಮ್ಮಗಳು ಬರೆದ ಕೇಸ್ ರಿಪೋರ್ಟನ್ನು ಡಾಕ್ಟರುಗಳ ಪತ್ರಿಕೆಯವರು ಒಪ್ಪಿಕೊಂಡಿದ್ದಾರೆ, ಅಚ್ಚು ಹಾಕುತ್ತಾರೆ. ಬೆಳಿಗ್ಗೆ ನಮ್ಮ ಭದ್ರಾವತಿಯ ಓಲ್ಡ್ ಟೌನಿನ ಹೋಟೆಲಿನಲ್ಲಿ ಅರ್ಧ ಟೀ ಕುಡಿದಿದ್ದೆ, ಫೋನ್ ಬಂತು. ಉಳಿದರ್ಧ ಟೀ ಕುಡಿದೆನೋ ಚೆಲ್ಲಿದೆನೋ ಈಗಲೂ ಗೊತ್ತಿಲ್ಲ. ಹೋಟೆಲಿನಲ್ಲಿ ಕೂತಿದ್ದವರಿಗೆಲ್ಲ ಕೂಗಿ ಹೇಳಿದೆ.

"ಯಾವ ಪೇಪರಲ್ಲಿ ಬರುತ್ತೆ? ನಾಳೆ ಒಂದು ತಗೊಳ್ಳೋಣ" ಎಂದ ಗಲ್ಲಾದಲ್ಲಿದ್ದವ.

"ಅಂಗಡೀಲಿ ಸಿಗಲ್ಲ ಮಾರಾಯ. ಅದು ಡಾಕ್ಟ್ರುಗಳೇ ಬರೆದು ಡಾಕ್ಟ್ರುಗಳೇ ಓದೋದು."

"ಓದ್ತಾರಾ? ನಾನು ಹೋದಾಗ ಒಬ್ರೂ ತಲೆ ಎತ್ತಿ ನನ್ನ ಮುಖಾನೇ ನೋಡ್ಲಿಲ್ಲ, ಪೇಪರ್ ಓದ್ತಾರಂತೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ನಗುವಿನ ಕಾರಣ ಬೇರೆ. ಆ ಮನುಷ್ಯ ತಮಾಷೆಗೆ ಹೇಳಿದ ಮಾತನ್ನೇ ನನ್ನ ಮೊಮ್ಮಗಳು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಬರೆದಿದ್ದಳು, ಅದೂ ತನ್ನ ಹೆಸರು ಹಾಕಿ, ತನ್ನ ದೊಡ್ಡ ಡಾಕ್ಟರ ಹೆಸರನ್ನೂ ಸೇರಿಸಿ.

ನೋಡಿ, ನಾನು ಕೊನೆಯದನ್ನು ಮೊದಲೇ ಹೇಳಿಬಿಟ್ಟೆ. ಅವಳು ಇದನ್ನು ಓದಿದರೆ ಬಯ್ಯುತ್ತಾಳೆ. ಈ ಎರಡು ತಿಂಗಳಲ್ಲಿ ಆ ಹುಡುಗಿ ನಮ್ಮ ಮನೆಯಲ್ಲಿ ಯಾರಿಗೂ ನೆಟ್ಟಗೆ ಒಂದು ಸುದ್ದಿ ಹೇಳಲು ಬಿಟ್ಟಿಲ್ಲ. "ಅಜ್ಜ, ಮೊದ್ಲು ಏನಾಯ್ತು? ಆಗ ನಿಂಗೆ ಏನು ಗೊತ್ತಿತ್ತು? ಆಮೇಲೆ?" ಬಸ್ಸು ತಪ್ಪಿದ ಕಥೆ ಹೇಳಿದರೂ ಇದೇ ವಿಚಾರಣೆ. ಇರಲಿ, ಅವಳ ದಾರಿಯಲ್ಲೇ ಹೇಳುತ್ತೇನೆ.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವನು, ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮೊಮ್ಮಗಳು ಡಾಕ್ಟರು. ಶಿವಮೊಗ್ಗದ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದುಕೊಂಡು ಇನ್ನೂ ದೊಡ್ಡ ಓದು ಓದುತ್ತಿದ್ದಾಳೆ. ಅಲ್ಲೇ ಹಾಸ್ಟೆಲಿನಲ್ಲಿರುತ್ತಾಳೆ, ರಜೆ ಸಿಕ್ಕ ಭಾನುವಾರ ಮನೆಗೆ ಬರುತ್ತಾಳೆ. ಡಾಕ್ಟರುಗಳು ಅಪರೂಪದ ಕಾಯಿಲೆಯನ್ನೋ ತಾವು ಎಡವಿದ ಕಾಯಿಲೆಯನ್ನೋ ಕಂಡರೆ ಅದನ್ನು ಬರೆದು ಬೇರೆ ಡಾಕ್ಟರುಗಳಿಗೆ ತಿಳಿಸುತ್ತಾರಂತೆ. ರೋಗಿ ಹೇಗೆ ಬಂದರು, ನಾವೇನು ಯೋಚಿಸಿದೆವು, ಕೊನೆಗೆ ಏನು ಕಲಿತೆವು, ಇಷ್ಟೇ. ಅದೇ ಕೇಸ್ ರಿಪೋರ್ಟು. ಅಪರೂಪದ ಕಾಯಿಲೆ ಬರೆಯುವವರು ಬೇಕಾದಷ್ಟು ಜನ. ಎಡವಿದ್ದನ್ನು ಬರೆಯುವವರನ್ನು ಹುಡುಕಬೇಕು.

ಇವಳ ರೋಗಿ ಒಬ್ಬ ವಯಸ್ಸಾದ ಹೆಂಗಸು. ಯಾವ ಊರೆಂದು ನಾನು ಹೇಗೆಲ್ಲ ಕೇಳಿದರೂ ಹೇಳಲಿಲ್ಲ. "ಕುಂಸಿ ಕಡೆಯೋರಾ?" ಎಂದರೆ "ಅಜ್ಜ, ಊಟ ಮಾಡು" ಎಂದಳು. "ಆಯನೂರಾ?" ಎಂದರೆ "ಅಜ್ಜ, ಸಾರು ಹಾಕ್ಕೋ" ಎಂದಳು. ಆ ಹೆಂಗಸಿಗೆ ವಿಪರೀತ ಬಾಯಾರಿಕೆ, ಮಲಬದ್ಧತೆ, ಸುಸ್ತು, ಮಾತಿನಲ್ಲಿ ಗಲಿಬಿಲಿ. ರಕ್ತ ನೋಡಿದರೆ ಕ್ಯಾಲ್ಸಿಯಂ ಹೆಚ್ಚು, ಕಿಡ್ನಿಯ ಕೆಲಸ ಕಡಿಮೆ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣವಂತೆ: ಕುತ್ತಿಗೆಯಲ್ಲಿರುವ ಸಣ್ಣ ಗ್ರಂಥಿ ಕೆಡುವುದು, ಇಲ್ಲವೇ ಕ್ಯಾನ್ಸರು. ಗ್ರಂಥಿಯ ಪರೀಕ್ಷೆ ಮಾಡಿದರು. ಅದರ ರಸ ಹೆಚ್ಚಾಗುವ ಬದಲು ಕುಗ್ಗಿತ್ತು. ಹಾಗಾದರೆ ಕ್ಯಾನ್ಸರೇ ಎಂದುಕೊಂಡು ಸ್ಕ್ಯಾನಿಂಗ್ ಫೋಟೋ ತೆಗೆಸಿದರು, ರಕ್ತವನ್ನು ಮತ್ತೆ ಮತ್ತೆ ತೆಗೆದರು, ಕಡೆಗೆ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಸಲೈನ್ ಹಾಕಿ ಹಾಕಿ ಕ್ಯಾಲ್ಸಿಯಂ ಇಳಿದಿತ್ತು. ಮನೆಗೆ ಕಳಿಸಿದರು. ಸ್ವಲ್ಪ ದಿನಕ್ಕೆ ಆ ಅಜ್ಜಿ ಅದೇ ಬಾಯಾರಿಕೆ, ಅದೇ ಗಲಿಬಿಲಿ ಹೊತ್ತುಕೊಂಡು ತಿರುಗಿ ಬಂದರು.

ಆಗ ಮೊಮ್ಮಗಳಿಗೆ ತಲೆಗೆ ಹೊಳೆದದ್ದು: ಆಸ್ಪತ್ರೆಯಲ್ಲಿದ್ದರೆ ಇಳಿಯುತ್ತದೆ, ಮನೆಗೆ ಹೋದರೆ ಏರುತ್ತದೆ, ಹಾಗಾದರೆ ಕಾರಣ ಮೈಯೊಳಗಿಲ್ಲ, ಮನೆಯೊಳಗಿದೆ. ಹಳೆಯ ರಿಪೋರ್ಟು ತೆಗೆದು ನೋಡಿದರೆ ಎರಡು ಸಲವೂ ರಕ್ತದಲ್ಲಿ ಕ್ಷಾರ ಕೂಡ ಹೆಚ್ಚಿತ್ತು. ಅದನ್ನು ಮೊದಲ ಸಲ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಮತ್ತೆ ಹೋಗಿ ಹಾಸಿಗೆಯ ಪಕ್ಕ ಕೂತು ಕೇಳಿದಳು. ಅಜ್ಜಿ ಎದ್ದಾಗಿನಿಂದ ಮಲಗುವವರೆಗೆ ಎಲೆಅಡಿಕೆ ಹಾಕುತ್ತಾರೆ, ಎಲೆಗೆ ಸುಣ್ಣ ದಪ್ಪಗೆ ಬಳಿಯುತ್ತಾರೆ. ಸಾಲದ್ದಕ್ಕೆ ಮಂಡಿನೋವಿಗೆ ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿಗೆಂದು ಅಗಿಯುವ ಇನ್ನೊಂದು ಮಾತ್ರೆ, ಎರಡೂ ಮೆಡಿಕಲ್ ಶಾಪಿನಿಂದ. ಸುಣ್ಣವೆಂದರೆ ಕ್ಯಾಲ್ಸಿಯಮ್ಮೂ ಹೌದು ಕ್ಷಾರವೂ ಹೌದಂತೆ, ಆ ಅಗಿಯುವುದರಲ್ಲೂ ಕ್ಯಾಲ್ಸಿಯಮ್ಮೇ. ಮೂರನ್ನೂ ಬಿಡಿಸಿದರು. ಆಮೇಲೆ ಬಂದಾಗಲೆಲ್ಲ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು, ಕಿಡ್ನಿಯೂ ಸುಧಾರಿಸಿತು.

ಕಥೆ ಇಷ್ಟು ಚೆನ್ನಾಗಿತ್ತು. ಬರೆದದ್ದು ಮಾತ್ರ ಕೆಟ್ಟಿತ್ತು!

ಆಸ್ಪತ್ರೆಯಲ್ಲಿ ಕೇಸ್ ಶೀಟ್ ಎಂದು ಒಂದು ಇರುತ್ತದೆ. ಅದಕ್ಕೆ ಗೊತ್ತುಮಾಡಿದ ಮನೆಗಳಿವೆ: ತೊಂದರೆ ಏನು, ಹಿಂದೆ ಏನಿತ್ತು, ಆಹಾರ ಅಭ್ಯಾಸ ಏನು, ಆಮೇಲೆ ಪರೀಕ್ಷೆಗಳು. ಓದುವಾಗಿನಿಂದ ಅದನ್ನೇ ಬರೆದು ಬರೆದು ಇವರ ಕೈ ಅದಕ್ಕೇ ಬಗ್ಗಿಹೋಗಿದೆ. ಮೊಮ್ಮಗಳು ಕೇಸ್ ರಿಪೋರ್ಟನ್ನೂ ಹಾಗೆಯೇ ಬರೆದಳು. ಸುಣ್ಣದ ವಿಷಯ ಅಭ್ಯಾಸದ ಮನೆಗೆ ಸೇರಿದ್ದಲ್ಲವೇ, ಅಲ್ಲಿಯೇ ಹಾಕಿದಳು. ಎರಡನೇ ಸಲ ಬಂದಾಗ ತಿಳಿದದ್ದು ಮೊದಲನೇ ದಿನವೇ ತಿಳಿದಂತೆ ಮೇಲೆ ಹತ್ತಿ ಕೂತಿತು. ಅವಳ ದೊಡ್ಡ ಡಾಕ್ಟರು ಅದನ್ನು ನೋಡಿ ಖುಷಿಪಟ್ಟರಂತೆ. ಯಾಕೆ ಖುಷಿಪಡುವುದಿಲ್ಲ? ಓದಿದರೆ ಇವರು ಬಾಗಿಲಲ್ಲೇ ಕಾಯಿಲೆ ಗುರುತಿಸಿದ ಮಹಾತ್ಮರ ಹಾಗೆ ಕಾಣುತ್ತಿದ್ದರು. ಅವರು ಶುರುವಿನಲ್ಲೇ ಒಂದು ಪುಟ ಅಡಿಕೆಯ ಚರಿತ್ರೆ ಸೇರಿಸಿದರು. ಕೊನೆಯಲ್ಲಿ "ಎಲೆಅಡಿಕೆ ಹಾಕುವ ಎಲ್ಲರಿಗೂ ಕ್ಯಾಲ್ಸಿಯಂ ಪರೀಕ್ಷೆ ಮಾಡಬೇಕು" ಎಂದು ಪಾಠ ಬರೆಸಿದರು. ಎಲ್ಲರಿಗೂ! ನಮ್ಮ ಜಿಲ್ಲೆಯಲ್ಲಿ ಆಮೇಲೆ ಸೂಜಿ ಚುಚ್ಚುವುದು ಬಿಟ್ಟು ಬೇರೆ ಕೆಲಸ ಇರುತ್ತಿರಲಿಲ್ಲ.

ಪತ್ರಿಕೆಯವರು ವಾಪಸ್ ಕಳಿಸಿದರು. ಅದನ್ನು ಪರಿಶೀಲಿಸಿದವರು ಯಾರೋ, ಹೆಸರು ಹೇಳುವುದಿಲ್ಲವಂತೆ, ನಾಲ್ಕೇ ಮಾತು ಕೇಳಿದ್ದರು. ಸುಣ್ಣದ ವಿಷಯ ಮೊದಲೇ ಗೊತ್ತಿದ್ದರೆ ಮೂಳೆಗೆ ಸೂಜಿ ಹಾಕಿದ್ದು ಯಾಕೆ? ಗೊತ್ತಿಲ್ಲದಿದ್ದರೆ, ಗೊತ್ತಾದದ್ದು ಯಾವಾಗ? ಒಬ್ಬ ರೋಗಿಯನ್ನು ನೋಡಿ ಊರಿಗೆಲ್ಲ ಪರೀಕ್ಷೆ ಮಾಡಿ ಎಂದು ಹೇಗೆ ಹೇಳುತ್ತೀರಿ? ರೋಗಿಯ ಹಳ್ಳಿಯ ಹೆಸರನ್ನು ಯಾಕೆ ಬರೆದಿದ್ದೀರಿ? ಇದನ್ನೆಲ್ಲ ಸರಿಮಾಡಿದರೆ ಮತ್ತೆ ನೋಡುತ್ತೇವೆ, ಇಲ್ಲದಿದ್ದರೆ ಇಲ್ಲ.

ಹುಡುಗಿ ಆ ಭಾನುವಾರ ಬಂದಾಗ ಮುಖ ಹುಣಸೆಹಣ್ಣಾಗಿತ್ತು. ಅವಳು ಮೊದಲ ಸಲ ಬರೆದದ್ದು ಅದು.

"ಆ ಸೂಜಿ ವಿಷಯ ತೆಗೆದುಹಾಕು, ಕೇಳೋ ಪ್ರಶ್ನೇನೇ ಇರಲ್ಲ" ಎಂದು ನಾನು ಬುದ್ಧಿ ಹೇಳಿದೆ.

"ಅಜ್ಜ, ನೀನೂ ನಮ್ಮ ಸರ್ ಥರಾನೇ. ಅವ್ರೂ ಅದನ್ನೇ ಹೇಳಿದ್ರು."

ದೊಡ್ಡ ಡಾಕ್ಟರೂ ನಾನೂ ಒಂದೇ ರೀತಿ ಯೋಚಿಸುತ್ತೇವೆ ಎಂದು ನನಗೆ ಒಂದು ಗಳಿಗೆ ಹೆಮ್ಮೆಯಾಯಿತು. ಅವಳ ಮುಖ ನೋಡಿದ ಮೇಲೆ ಇಳಿಯಿತು.

ಅವಳು ಬರೆದದ್ದನ್ನು ಪ್ರಿಂಟ್ ತೆಗೆಸಿ, ಕತ್ತರಿ ಹಿಡಿದು ಸಾಲು ಸಾಲಾಗಿ ಕತ್ತರಿಸಿ ಪಡಸಾಲೆಯ ಜಮಖಾನದ ಮೇಲೆ ಹರವಿದಳು. ಪ್ರತಿ ತುಂಡಿಗೂ ಒಂದೇ ಪ್ರಶ್ನೆ: ಇದು ನಮಗೆ ಯಾವಾಗ ಗೊತ್ತಾಯಿತು? ಬಂದ ದಿನ ಗೊತ್ತಿದ್ದದ್ದು ಮೇಲೆ. ಪರೀಕ್ಷೆಯ ಕಾಗದ ಬಂದಾಗ ಗೊತ್ತಾದದ್ದು ಅದರ ಕೆಳಗೆ. ಪರೀಕ್ಷೆ ಯಾಕೆ ಮಾಡಿಸಿದ್ದು ಎಂಬುದು ಪರೀಕ್ಷೆಗೆ ಮುಂಚೆ. ಫ್ಯಾನ್ ಹಾಕುವ ಹಾಗಿಲ್ಲ. ಏಪ್ರಿಲ್ ತಿಂಗಳ ಭದ್ರಾವತಿ! ನಾನು ಬನಿಯನ್ನಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತ ವೈದ್ಯಶಾಸ್ತ್ರಕ್ಕೆ ನನ್ನ ಸೇವೆ ಸಲ್ಲಿಸಿದೆ.

ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದು, "ಇದೇನ್ರೀ, ಬೇಯ್ತಾ ಕೂತಿದೀರಿ?" ಎಂದು ಫ್ಯಾನ್ ಹಾಕಿಯೇಬಿಟ್ಟಳು.

ಗ್ರಂಥಿ ಕಿಟಕಿಗೆ ಹಾರಿತು, ಮಜ್ಜೆ ಮಂಚದ ಕೆಳಗೆ ಹೋಯಿತು, ಅಡಿಕೆಯ ಚರಿತ್ರೆ ನನ್ನ ಬೆವರಿದ ಬೆನ್ನಿಗೆ ಅಂಟಿಕೊಂಡಿತು.

"ಅಜ್ಜೀ!" ಎಂದು ಇವಳು ಕಿರುಚಿದಳು.

"ಏನೇ? ಎಲೆಅಡಿಕೆ ಹಾಕ್ಕೊಳ್ಳೋರನ್ನ ಬೈದು ಬರೆದಿದ್ದೆ ತಾನೇ? ಹಾರ್ಲಿ ಬಿಡು!"

ನನ್ನ ಹೆಂಡತಿಯ ಕೋಪಕ್ಕೆ ಕಾರಣವಿತ್ತು. ಸುಣ್ಣದ ವಿಷಯ ಕಿವಿಗೆ ಬಿದ್ದಾಗಿನಿಂದ ತನ್ನ ಮೇಲೆಯೇ ಮೊಮ್ಮಗಳು ದೂರು ಬರೆದಿದ್ದಾಳೆ ಎಂದು ಅವಳ ನಂಬಿಕೆ. ಮದುವೆಯಾದಾಗಿನಿಂದ ಅವಳ ಸೊಂಟಕ್ಕಿರುವ ಎಲೆಅಡಿಕೆ ಸಂಚಿಯನ್ನು ನಾನೇ ಮುಟ್ಟುವ ಧೈರ್ಯ ಮಾಡಿಲ್ಲ.

ತುಂಡುಗಳನ್ನು ಮತ್ತೆ ಆಯ್ದು ತಂದು ಜೋಡಿಸಿದೆವು. ಸುಣ್ಣದ ತುಂಡನ್ನು ಎತ್ತಿಕೊಂಡ ಮೊಮ್ಮಗಳು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಅದನ್ನು ಮೇಲಿನಿಂದ ತೆಗೆದು ಎರಡನೇ ಸಲ ಬಂದದ್ದರ ಕೆಳಗೆ ಇಟ್ಟಳು. ಮೇಲಿನ ಖಾಲಿ ಜಾಗಕ್ಕೆ ಪೆನ್ನಿನಲ್ಲಿ ಹೊಸದೊಂದು ಸಾಲು ಬರೆದಳು.

"ಏನದು?" ಎಂದೆ.

"ಮೊದಲ ದಿನ ನಿಜವಾಗ್ಲೂ ಬರೆದುಕೊಂಡಿದ್ದು. 'ಚಟ ಯಾವುದೂ ಇಲ್ಲ.' ನಾನೇ ಬರೆದಿದ್ದು ಅಜ್ಜ. 'ಅಜ್ಜಿ, ಚಟ ಏನಾದ್ರೂ ಇದೆಯಾ' ಅಂತ ನಾನೇ ಕೇಳಿದ್ದೆ. 'ಥೂ, ಅದೆಲ್ಲ ಇಲ್ಲವ್ವ' ಅಂದ್ರು. ಸುಮ್ನೆ ಬಂದೆ."

ಜಮಖಾನದ ಮೇಲಿನ ಸಾಲನ್ನು ಈಗ ಓದಿದರೆ ನನ್ನಂಥವನಿಗೂ ದಾರಿ ಕಾಣುತ್ತಿತ್ತು. ಚಟ ಇಲ್ಲ ಎಂದರು, ಅದಕ್ಕೇ ಗ್ರಂಥಿ ನೋಡಿದರು, ಗ್ರಂಥಿ ಅಲ್ಲ ಎಂದು ಕ್ಯಾನ್ಸರ್ ಹುಡುಕಿದರು, ಅದಕ್ಕೇ ಸೂಜಿ. ಮೂರ್ಖತನವಲ್ಲ, ಗೊತ್ತಿದ್ದಷ್ಟರಲ್ಲಿ ನಡೆದ ದಾರಿ. ಆದರೆ ಆ ದಾರಿಯ ಮೊದಲಲ್ಲೇ ಅವಳು ಮಾಡಿದ ತಪ್ಪು ಕೂತಿತ್ತು. ಇದನ್ನು ಹೀಗೇ ಕಳಿಸಿದರೆ ಊರಿನ ಡಾಕ್ಟರುಗಳೆಲ್ಲ ಓದುತ್ತಾರೆ. ಕಳಿಸದಿದ್ದರೆ ಪತ್ರಿಕೆಯವರು ತೆಗೆದುಕೊಳ್ಳುವುದಿಲ್ಲ. ದೊಡ್ಡ ಡಾಕ್ಟರು ಒಪ್ಪದಿದ್ದರೆ ಕಳಿಸುವ ಹಾಗೆಯೇ ಇಲ್ಲ.

ಮಾರನೆಯ ದಿನ ನನ್ನ ಬಿ.ಪಿ. ತೋರಿಸುವ ನೆಪದಲ್ಲಿ ಅವಳ ಜೊತೆ ಶಿವಮೊಗ್ಗಕ್ಕೆ ಬಸ್ಸು ಹತ್ತಿದೆ. ನೆಪವೇ ಅದು. ಬಿ.ಪಿ. ಅವರ ಕೋಣೆಗೆ ಹೋದ ಮೇಲೆ ಏರಿತು.

ದೊಡ್ಡ ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಬಾರದು. ನನ್ನನ್ನು "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ" ಎಂದು ಕೂರಿಸಿದರು. ಮೇಜಿನ ಹಿಂದೆ ಶಾಲು, ಫಲಕ, ಹಾರ ಹಾಕಿಸಿಕೊಂಡ ಫೋಟೋ. ಗೋಡೆ ಕಾಣುತ್ತಿರಲಿಲ್ಲ. ಮೊಮ್ಮಗಳು ಹೊಸದಾಗಿ ಬರೆದದ್ದನ್ನು ಕೊಟ್ಟಳು. ಓದುತ್ತ ಓದುತ್ತ ಅವರ ಹುಬ್ಬು ಗಂಟಿಕ್ಕಿತು.

"ನನ್ನ ಇಂಟ್ರೊಡಕ್ಷನ್ ಎಲ್ಲಮ್ಮ?"

"ಮೂರು ಸಾಲಿಗೆ ಇಳಿಸಿದೀನಿ ಸರ್."

"ಅಡಿಕೆ ಚರಿತ್ರೆ?"

"ತೆಗೆದಿದೀನಿ ಸರ್. ರೋಗಿ ಬರೋಕ್ಕೆ ಮುಂಚೆ ಅಷ್ಟು ದೂರ ನಡೆಸಿದ್ರೆ ಓದೋರು ಅರ್ಧದಲ್ಲೇ ಎದ್ದುಹೋಗ್ತಾರೆ."

ಆ ಚರಿತ್ರೆ ಹಿಂದಿನ ದಿನ ನನ್ನ ಬೆನ್ನಿಗೆ ಅಂಟಿದ್ದನ್ನು ಹೇಳಬೇಕೆನ್ನಿಸಿತು.

"ಸರಿ. ಆದ್ರೆ ಇದು, 'ಚಟ ಇಲ್ಲ ಎಂದು ದಾಖಲಿಸಲಾಯಿತು', ಇದೆಲ್ಲ ಯಾಕೆ? ಆ ಬೋನ್ ಮ್ಯಾರೋ ಮಾಡಿದ್ದನ್ನೇ ಬಿಟ್ಟುಬಿಡು ಅಂದೆನಲ್ಲ. ನಾಲ್ಕು ಜನ ನಗ್ತಾರಮ್ಮ."

"ಬಿಟ್ರೆ ಕ್ಯಾನ್ಸರ್ ಅಲ್ಲ ಅಂತ ನಾವು ಹೇಗೆ ಹೇಳಿದ್ವಿ ಅನ್ನೋದೇ ಹೋಗುತ್ತೆ ಸರ್. ಆ ಅಜ್ಜಿ ನೋವು ತಿಂದಿದ್ದು ನಿಜ ತಾನೇ? ನಗೋರು ನಗ್ಲಿ. ನಕ್ಕೋರು ಮುಂದಿನ ರೋಗೀನ ಸುಣ್ಣ ಎಷ್ಟು ಹಚ್ಕೊಳ್ತೀರಿ ಅಂತ ಕೇಳ್ತಾರೆ."

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. "ಹಾಗಾದ್ರೆ 'ಕಿರಿಯ ವೈದ್ಯೆ ವಿಚಾರಿಸುವಲ್ಲಿ ತಪ್ಪಿದರು' ಅಂತ ಬರಿ. ಸ್ಪಷ್ಟವಾಗಿರುತ್ತೆ."

ಅಬ್ಬ! ದೊಡ್ಡವರ ಸತ್ಯ ಎಷ್ಟು ಬೇಗ ಕೆಳಗಿನವರ ತಲೆಗೆ ಇಳಿಯುತ್ತದೆ! ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಆದರೆ ಮೊಮ್ಮಗಳು ನನ್ನ ಕಡೆ ನೋಡಲೂ ಇಲ್ಲ.

"ಬರೀತೀನಿ ಸರ್, ಕೇಳಿದ್ದು ನಾನೇ. ಆದ್ರೆ ಆಮೇಲೆ ದಿನಾ ರೌಂಡ್ಸಿಗೆ ನಾವೆಲ್ಲ ಹೋಗಿದ್ವಿ. ಡಿಸ್ಚಾರ್ಜ್ ಆಗೋವರೆಗೂ ಒಬ್ರೂ ಮತ್ತೆ ಕೇಳ್ಲಿಲ್ಲ. ಕ್ಷಾರ ಹೆಚ್ಚಿದ್ದ ಕಾಗದ ಫೈಲಲ್ಲೇ ಇತ್ತು. ಅದನ್ನೂ ಬರೀಬೇಕಾಗುತ್ತೆ."

ಅವರು ನಕ್ಕರೋ ಕೆಮ್ಮಿದರೋ ನನಗೆ ತಿಳಿಯಲಿಲ್ಲ. ಪೆನ್ನು ತೆಗೆದು 'ಕಿರಿಯ ವೈದ್ಯೆ' ಎಂದು ತಾವೇ ಹೇಳಿದ್ದನ್ನು ಬಿಟ್ಟು, 'ನಮ್ಮ ತಂಡ' ಎಂದು ಬರೆದರು. ಯಶಸ್ಸಿಗೆ ಅವರೊಬ್ಬರೇ ಇದ್ದರು, ತಪ್ಪಿಗೆ ತಂಡ ಹುಟ್ಟಿತು. ಆದರೂ ಬರೆದರಲ್ಲ, ಅದಕ್ಕೆ ಅವರಿಗೆ ನಮಸ್ಕಾರ. ಬರೆಯದವರೇ ಹೆಚ್ಚು.

"ಯಜಮಾನ್ರೇ, ನಿಮ್ಮ ಮೊಮ್ಮಗಳ ಬಾಯಿ ಜೋರು" ಎಂದರು ನನಗೆ.

"ಅವಳ ಅಜ್ಜಿ ಕಡೆಯಿಂದ ಬಂದಿದ್ದು ಸಾರ್" ಎಂದೆ.

ಉಳಿದದ್ದು ಪಾಠದ ಭಾಗ. 'ಅಭ್ಯಾಸಗಳ ಬಗ್ಗೆ ವಿವರವಾಗಿ ವಿಚಾರಿಸಬೇಕು' ಎಂದು ಬರೆದಿದ್ದಳು. ಮುಂದಿನ ಭಾನುವಾರ ಅದನ್ನು ಅಡುಗೆಮನೆಗೆ ತಂದು ಅಜ್ಜಿಯ ಮೇಲೆ ಪರೀಕ್ಷೆ ಮಾಡಿದಳು.

"ಅಜ್ಜಿ, ನಿಂಗೆ ಚಟ ಏನಾದ್ರೂ ಇದೆಯಾ?"

"ಚಟ ಇರೋದು ನಿಮ್ಮಜ್ಜಂಗೆ. ದಿನಾ ಹೋಟ್ಲಲ್ಲಿ ಟೀ. ನಂಗೇನಿದೆ?" ಸಂಚಿ ಸೊಂಟದಲ್ಲೇ ಇತ್ತು.

"ಊಟ ಆದ್ಮೇಲೆ ಬಾಯಿಗೆ ಏನು ಹಾಕ್ಕೊಳ್ತೀಯ?"

"ಎಲೆಅಡಿಕೆ. ಮತ್ತೇನು, ಕಲ್ಲು ಹಾಕ್ಕೊಳ್ಲಾ?"

"ಸುಣ್ಣ?"

"ಸುಣ್ಣ ಇಲ್ದೆ ಬಾಯಿ ಕೆಂಪಾಗುತ್ತೇನೇ ಪೆದ್ದಿ? ಡಾಕ್ಟ್ರಂತೆ!"

"ಮೆಡಿಕಲ್ ಶಾಪಿಂದ ನೀನೇ ತರಿಸಿಕೊಳ್ಳೋ ಮಾತ್ರೆ ಯಾವುದಾದ್ರೂ ಇದೆಯಾ?"

ನನ್ನ ಹೆಂಡತಿ ಮೊದಲ ಸಲ ತಡವರಿಸಿದಳು. "ಮಂಡಿಗೆ ಒಂದು... ಅದು ಮಾತ್ರೆ ಅಲ್ಲ, ಶಕ್ತಿಗೆ."

ಮೊಮ್ಮಗಳು ಏನೂ ಬಯ್ಯಲಿಲ್ಲ. ಆ ಡಬ್ಬಿ ತರಿಸಿ ನೋಡಿ, ಮಂಗಳವಾರ ಬೆಳಿಗ್ಗೆ ರಕ್ತ ಕೊಡಲು ಬರಬೇಕೆಂದು ಅಜ್ಜಿಗೆ ಗೊತ್ತುಮಾಡಿದಳು. ಆಮೇಲೆ ಪಾಠವನ್ನು ತಿದ್ದಿದಳು. ಕ್ಯಾಲ್ಸಿಯಂ ಹೆಚ್ಚಿದ್ದು ಗ್ರಂಥಿಯ ರಸ ಕುಗ್ಗಿದ್ದರೆ ರಕ್ತದ ಕ್ಷಾರವನ್ನೂ ನೋಡಿ. ಚಟ ಎಂದು ಕೇಳಬೇಡಿ, ಎಲೆ, ಸುಣ್ಣ, ತಾವೇ ಕೊಂಡ ಮಾತ್ರೆ ಎಂದು ಒಂದೊಂದನ್ನೂ ಹೆಸರಿಟ್ಟು ಕೇಳಿ. ಊರಿಗೆಲ್ಲ ಪರೀಕ್ಷೆ ಎಂಬ ಮಾತು ಹೋಯಿತು. ಹಾಗಾದರೆ ನಿಮ್ಮಜ್ಜಿಗೆ ಮಾಡಿಸಿದ್ದು ಯಾಕೆ ಎಂದು ನಾನು ಕೇಳಿದ್ದಕ್ಕೆ, "ಅಜ್ಜಿ ಮಾತ್ರೇನೂ ತಗೊಳ್ತಾಳೆ, ನಾನು ಕೇಳಿ ತಿಳ್ಕೊಂಡೆ. ಕೇಳ್ದೆ ಎಲ್ಲರಿಗೂ ಚುಚ್ಚೋದು ಬೇರೆ" ಎಂದಳು. ನಮಗಿದ್ದದ್ದು ಒಬ್ಬ ರೋಗಿ, ಅವರು ಸುಣ್ಣ, ಮಾತ್ರೆ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದರು, ಯಾವುದರಿಂದ ಎಷ್ಟು ಎಂದು ಹೇಳಲಾಗದು ಎಂದೂ ಬರೆದಳು. ಹಳ್ಳಿಯ ಹೆಸರು ತೆಗೆದಳು. ಆ ರೋಗಿಯ ಒಪ್ಪಿಗೆ ಮೊದಲೇ ಪಡೆದಿದ್ದರೂ, ಬದಲಾದದ್ದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದಳಂತೆ. ಅವರು ಕೇಳಿ, "ನೀವು ಸರಿಯಾಗಿ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ, ನಡುವೆ ಸೂಜಿ ನನ್ನ ಸೊಂಟಕ್ಕೆ ಬಿತ್ತು. ಇದನ್ನೂ ಬರ್ಕೊಳ್ಳವ್ವ" ಎಂದರಂತೆ. ರೋಗಿಯ ಮಾತು ಎಂಬ ಕೊನೆಯ ಭಾಗದಲ್ಲಿ ಅದನ್ನೇ ಹಾಕಿದ್ದಾಳೆ. ಇಡೀ ಬರಹದಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ.

"ತಲೆಬರಹದಲ್ಲಿ ಮಾತ್ರ ಕಾಯಿಲೆ ಹೆಸರು ಮೊದಲೇ ಬರೆದಿದೀಯಲ್ಲ?" ಎಂದು ನಾನು ತಪ್ಪು ಹಿಡಿದೆ.

"ತಲೆಬರಹ ಅಂದ್ರೆ ಅಂಗಡಿ ಬೋರ್ಡು ಅಜ್ಜ. ಅಲ್ಲಿ ಹೇಳ್ಬೇಕು. ಒಳಗಡೆ ಹೋದ್ಮೇಲೆ ನಾವು ನಡೆದ ಹಾಗೇ ಓದೋರನ್ನೂ ನಡೆಸ್ಬೇಕು."

ಅದಕ್ಕೇ ನಾನೂ ಸುದ್ದಿಯನ್ನು ಬೋರ್ಡಿನ ಹಾಗೆ ಮೊದಲೇ ಹೇಳಿದೆ. ನನ್ನ ತಪ್ಪಿಲ್ಲ.

ಇಂದು ಸಂಜೆ ಅವಳು ಶಿವಮೊಗ್ಗದಿಂದ ಬಂದಳು. ಒತ್ತು ಶಾವಿಗೆ, ಕಾಯಿಹಾಲು. ಶಾವಿಗೆ ಮಣೆ ಒತ್ತುವುದಕ್ಕೆ ನಾನೂ ನನ್ನ ಮಗನೂ ಜೋತುಬಿದ್ದೆವು, ಸೊಸೆ ಬಿಸಿ ಉಂಡೆ ಎತ್ತಿ ಹಾಕಿದಳು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಮಗನಿಗೆ ಮಗಳ ಫೋಟೋ ಪತ್ರಿಕೆಯಲ್ಲಿ ಬರುವುದಿಲ್ಲ ಎಂಬ ದುಃಖ ಇನ್ನೂ ಹೋಗಿಲ್ಲ. "ಅಷ್ಟು ಬರೆದು ಒಂದು ಫೋಟೋ ಹಾಕಲ್ವಾ?" ಎಂದು ಮತ್ತೆ ಕೇಳಿದ.

"ರಕ್ತದ ಕಾಗದದ ಚಿತ್ರ ಹಾಕ್ತಾರೆ ಅಪ್ಪ, ಅದನ್ನ ಫ್ರೇಮ್ ಹಾಕಿಸು."

ನನ್ನ ಹೆಂಡತಿ ಮೊದಲು ಮೊಮ್ಮಗಳ ತಟ್ಟೆಗೇ ಕಾಯಿಹಾಲು ಸುರಿದಳು, ಸಾಕೆಂದರೂ ಸುರಿದಳು. ಅಜ್ಜಿಯ ರಕ್ತ ಪರೀಕ್ಷೆಯಲ್ಲಿ ಸರಿಯಾಗಿಯೇ ಇತ್ತು. ಆದರೂ ಮಂಡಿಯ ಡಬ್ಬಿಯನ್ನು ಮೊಮ್ಮಗಳು ಬಿಡಿಸಿದ್ದಾಳೆ. ಸಂಚಿ ಇನ್ನೂ ಸೊಂಟದಲ್ಲೇ ಇದೆ, ಸುಣ್ಣದ ಡಬ್ಬಿ ಮಾತ್ರ ಸ್ವಲ್ಪ ಚಿಕ್ಕದಾಗಿದೆ ಎಂದು ನನಗೆ ಅನುಮಾನ. ಕೇಳಿಲ್ಲ.

"ಅದೇನೋ ಒಪ್ಪಿಕೊಂಡ್ರಂತಲ್ಲ, ನೆಟ್ಟಗೆ ಹೇಳೇ, ನಿಮ್ಮಜ್ಜ ಬೆಳಿಗ್ಗೆಯಿಂದ ಕುಣೀತಾ ಇರೋದು ಬಿಟ್ರೆ ನಂಗೇನೂ ತಿಳೀಲಿಲ್ಲ" ಎಂದಳು ನನ್ನ ಹೆಂಡತಿ.

ಮೊಮ್ಮಗಳು ಶಾವಿಗೆಗೆ ಕೈ ಹಾಕಿದ್ದವಳು ನಿಲ್ಲಿಸಿ, "ಮೊದ್ಲು ಒಬ್ರು ಅಜ್ಜಿ ಬಂದ್ರು" ಎಂದು ಶುರುಮಾಡಿದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಎಲ್ಲರ ಬಾಯಲ್ಲೂ ಶಾವಿಗೆ ತುಂಬಿತ್ತು.